ಹಪ್ಪಳಕ್ಕೆ 30, ಉಪ್ಪಿನಕಾಯಿಗೆ 12.5: ಒಂದು ಮಾರ್ಜಿನ್ ರಿಪೋರ್ಟನ್ನು ಬಿಚ್ಚಿ ನೋಡಿದ ಕಥೆ

ಸಾಗರದ ಕಡೆಯ ಒಂದು ಸಣ್ಣ ಘಟಕ. ಮೂರೇ ಮಾಲು: ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಮುರುಗಲು ಶರಬತ್ತು. ನಡೆಸುವವರು ಒಬ್ಬ ಹೆಣ್ಣುಮಗಳು, ನಾನು ಅಕ್ಕ ಅಂತಲೇ ಕರೆಯೋದು. ಶಿವಮೊಗ್ಗದಲ್ಲಿ ಕೂತು ಇಂಥ ಘಟಕಗಳ ಲೆಕ್ಕ ನೋಡುವುದು ನನ್ನ ಕೆಲಸ. ಅವರ ಒಪ್ಪಿಗೆ ತಗೊಂಡೇ ಬರೀತಿದ್ದೇನೆ. ಹೆಸರು ಬೇಡ ಅಂದರು, ಅಂಕಿಗಳನ್ನು ಓದೋಕೆ ಸುಲಭ ಆಗಲಿ ಅಂತ ಸ್ವಲ್ಪ ದುಂಡಗೆ ಮಾಡಿದ್ದೇನೆ.

ಅಕ್ಟೋಬರ್‌ನಲ್ಲಿ ಅಕ್ಕ ಫೋನ್ ಮಾಡಿ, "ತಮ್ಮಾ, ಬರೋ ವರ್ಷ ಮಿಡಿ ಅರ್ಧಕ್ಕೆ ಇಳಿಸ್ತೀನಿ, ಉಪ್ಪಿನಕಾಯಲ್ಲಿ ಏನೂ ಗಿಟ್ಟಲ್ಲ. ಹಪ್ಪಳಕ್ಕೆ ಬೆಂಗಳೂರಿನ ಒಂದು ಅಂಗಡಿಯವರು ದೊಡ್ಡ ಆರ್ಡರ್ ಕೊಡ್ತಾರಂತೆ, ಹತ್ತು ರೂಪಾಯಿ ಕಮ್ಮಿ ಮಾಡಿ ಅಂತಾರೆ, ಒಪ್ಪಿಕೊಳ್ಳೋದೇ ಅಲ್ವಾ?" ಅಂದರು. ಅವರ ಮಗ ಎಕ್ಸೆಲ್‌ನಲ್ಲಿ ಮಾಡಿದ್ದ ರಿಪೋರ್ಟನ್ನೂ ಕಳಿಸಿದರು. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಆರು ತಿಂಗಳದ್ದು.

ರಿಪೋರ್ಟ್ ಹೇಳಿದ್ದು ಇಷ್ಟು. ಉಪ್ಪಿನಕಾಯಿ 2,000 ಕಿಲೋ ಹೋಗಿದೆ, ತೆರಿಗೆ ಬಿಟ್ಟು ಕಿಲೋಗೆ 400 ರೂಪಾಯಿಯಂತೆ 8 ಲಕ್ಷ ಮಾರಾಟ, ಮಾರ್ಜಿನ್ 12.5%. ಹಪ್ಪಳ 25ರ ಕಟ್ಟು 8,000 ಹೋಗಿದೆ, ಕಟ್ಟಿಗೆ 60ರಂತೆ 4.8 ಲಕ್ಷ, ಮಾರ್ಜಿನ್ 30%. ಶರಬತ್ತು 4,000 ಬಾಟಲಿ, 130ರಂತೆ 5.2 ಲಕ್ಷ, ಮಾರ್ಜಿನ್ 22% ಚಿಲ್ಲರೆ. ಇದನ್ನು ನೋಡಿದ ಯಾರಾದರೂ ಅಕ್ಕ ಹೇಳಿದ್ದನ್ನೇ ಹೇಳುತ್ತಾರೆ.

ಮಾಲುವಾರು ರಿಪೋರ್ಟ್ ಕೈಗೆ ಬಂದಾಗ ನಾನು ಮೊದಲು ಶೇಕಡಾ ನೋಡಲ್ಲ. ಕೆಳಗಿನ ಮೊತ್ತ ನೋಡ್ತೇನೆ. ಮೂರೂ ಮಾಲಿನ ಲಾಭ ಕೂಡಿಸಿದರೆ ರಿಪೋರ್ಟ್‌ನಲ್ಲಿ 3,60,000 ಬರುತ್ತಿತ್ತು. ಅದೇ ಆರು ತಿಂಗಳಿಗೆ ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿಯಲ್ಲಿ ಗ್ರಾಸ್ ಪ್ರಾಫಿಟ್ 4,50,000. ಮಾಲು ಅದೇ, ಬಿಲ್ಲು ಅದೇ, ಖರ್ಚು ಅದೇ. ಆದರೂ 90,000 ಎಲ್ಲೋ ಕಾಣೆಯಾಗಿದೆ. ಈ ಎರಡು ಮೊತ್ತ ತಾಳೆ ಆಗುವವರೆಗೆ ಒಂದು ಮಾಲನ್ನು ಇನ್ನೊಂದರ ಜೊತೆ ಹೋಲಿಸುವುದಕ್ಕೆ ಅರ್ಥವೇ ಇಲ್ಲ. ಕಾಣೆಯಾದ ದುಡ್ಡು ಯಾವ ಮಾಲಿನದ್ದು ಅನ್ನೋದೇ ಗೊತ್ತಿಲ್ಲವಲ್ಲ.

ಮಿಡಿಯ ಎರಡು ಬೆಲೆ

ಅಪ್ಪೆಮಿಡಿ ಸಿಗೋದು ವರ್ಷಕ್ಕೊಮ್ಮೆ, ಬೇಸಿಗೆಯಲ್ಲಿ. ಎಣಿಸಿ ಕೊಳ್ಳುತ್ತಾರೆ, ಉಪ್ಪಿಗೆ ಹಾಕಿ ಡ್ರಮ್ಮಲ್ಲಿ ಇಡುತ್ತಾರೆ, ಮಿಡಿ ಸುಕ್ಕುಗಟ್ಟಿದ ಮೇಲೆ ಬೇಕಾದಷ್ಟೇ ತೆಗೆದು ಖಾರ ಹಾಕುತ್ತಾರೆ. ಅಂದರೆ ಇವತ್ತು ಮಾರಿದ ಉಪ್ಪಿನಕಾಯಿಯ ಒಳಗಿರುವ ಮಿಡಿ ಹೋದ ವರ್ಷದ್ದೂ ಆಗಿರಬಹುದು.

ಏಪ್ರಿಲ್ 1ಕ್ಕೆ ಡ್ರಮ್ಮುಗಳಲ್ಲಿ ಹಿಂದಿನ ಸೀಸನ್ನಿನ 75,000 ಮಿಡಿ ಇತ್ತು, ಒಂದಕ್ಕೆ 2 ರೂಪಾಯಿ ಬಿದ್ದದ್ದು. ಈ ಸಲ ಹೂ ಕಮ್ಮಿ ನಿಂತಿತ್ತು, ಬೆಲೆ ಏರಿತು. ಏಪ್ರಿಲ್‌ನಲ್ಲಿ ಅಕ್ಕ 1 ಲಕ್ಷ ಮಿಡಿ ಕೊಂಡರು, ಒಂದಕ್ಕೆ 3.20. ಇವರ ಅಳತೆಯಲ್ಲಿ ಒಂದು ಕಿಲೋ ಉಪ್ಪಿನಕಾಯಿಗೆ 50 ಮಿಡಿ ಬೇಕು. ಆರು ತಿಂಗಳಲ್ಲಿ 2,000 ಕಿಲೋ ಅಂದರೆ 1 ಲಕ್ಷ ಮಿಡಿ ಖರ್ಚಾಗಿದೆ. ಹಳೆಯದನ್ನು ಮೊದಲು ತೆಗೆಯುತ್ತಾರೆ, ಡ್ರಮ್ಮಿನ ಮೇಲೆ ವರ್ಷ ಬರೆದಿರುತ್ತಾರೆ. ಹಾಗಾಗಿ ನಿಜವಾದ ಖರ್ಚು 75,000 ಮಿಡಿಗೆ 2ರಂತೆ ಒಂದೂವರೆ ಲಕ್ಷ, ಉಳಿದ 25,000ಕ್ಕೆ 3.20ರಂತೆ 80,000, ಒಟ್ಟು 2,30,000. ಕಿಲೋಗೆ 115 ರೂಪಾಯಿ.

ಎಕ್ಸೆಲ್ ರಿಪೋರ್ಟ್‌ನಲ್ಲಿ ಇದು ಕಿಲೋಗೆ 160 ಆಗಿತ್ತು. ಯಾಕೆ ಅಂದರೆ ಅಲ್ಲಿ ಬೆಲೆ ತರುತ್ತಿದ್ದ ಸೂತ್ರ ಇದು:

```
=VLOOKUP(A2,Rates!A:B,2,FALSE)
```

`Rates` ಹಾಳೆಯಲ್ಲಿ ಒಂದು ಮಾಲಿಗೆ ಒಂದೇ ಬೆಲೆ. ಹೊಸ ಮಿಡಿ ಬಂದ ದಿನ ಹುಡುಗ 2ನ್ನು ಅಳಿಸಿ 3.20 ಅಂತ ಹಾಕಿದ್ದಾನೆ. ಆ ಕ್ಷಣವೇ ಇಡೀ ಆರು ತಿಂಗಳಿಗೂ, ಅಷ್ಟೇ ಅಲ್ಲ, ಅದೇ ಫೈಲಿನಲ್ಲಿದ್ದ ಹೋದ ವರ್ಷದ ತಿಂಗಳುಗಳಿಗೂ 3.20 ಹೋಗಿ ಕೂತಿದೆ. ಅಕ್ಕನಿಗೂ ಅದು ಕಣ್ಣಿಗೆ ಬಿದ್ದಿತ್ತು. ಮಾರ್ಚ್‌ನಲ್ಲಿ ಪ್ರಿಂಟ್ ತೆಗೆದಿಟ್ಟ ಹಾಳೆಗೂ ಈಗ ಅದೇ ತಿಂಗಳಿಗೆ ಕಂಪ್ಯೂಟರ್ ತೋರಿಸೋದಕ್ಕೂ ಹೊಂದುತ್ತಿಲ್ಲ ಅಂತ ಒಮ್ಮೆ ಹೇಳಿದ್ದರು. ಈ ದೋಷ ಪತ್ತೆ ಹಚ್ಚೋಕೆ ಇದಕ್ಕಿಂತ ಸುಲಭದ ಗುರುತು ಇಲ್ಲ: ಮುಗಿದುಹೋದ ತಿಂಗಳ ಮಾರ್ಜಿನ್ ತಾನಾಗಿ ಬದಲಾಗುತ್ತಿದ್ದರೆ ಬೆಲೆಗೆ ತಾರೀಕು ಇಲ್ಲ ಅಂತ ಅರ್ಥ.

ಕಿಲೋಗೆ 45 ರೂಪಾಯಿ ವ್ಯತ್ಯಾಸ, 2,000 ಕಿಲೋಗೆ 90,000. ಕಾಣೆಯಾದ ದುಡ್ಡು ಸಿಕ್ಕಿತು.

ಹಾಗಂತ ಟ್ಯಾಲಿಯೇ ಸರಿ ಅಂತ ಅಂದುಕೊಳ್ಳಬೇಡಿ. ತಿಂಗಳುವಾರು ತೆಗೆದು ನೋಡಿದರೆ ಅಲ್ಲಿ ಇನ್ನೊಂದು ವಿಚಿತ್ರ ಇತ್ತು. ಏಪ್ರಿಲ್‌ನಲ್ಲಿ ಮಿಡಿಯ ಖರ್ಚು ಮೈನಸ್ 42,000! 300 ಕಿಲೋ ಉಪ್ಪಿನಕಾಯಿ ಮಾಡಿ, 15,000 ಮಿಡಿ ಬಳಸಿ, ಖರ್ಚು ಸೊನ್ನೆಗಿಂತ ಕೆಳಗೆ ಹೇಗೆ ಹೋಗುತ್ತದೆ? ಮಿಡಿಯ ಐಟಂ ತೆರೆದು ನೋಡಿದರೆ `Costing Method` ಎದುರು `Last Purchase Cost` ಅಂತ ಇತ್ತು. ಹೀಗಿದ್ದಾಗ ಉಳಿದ ಸ್ಟಾಕಿಗೆಲ್ಲ ಕೊನೆಯ ಖರೀದಿಯ ಬೆಲೆ ಹಾಕಿಬಿಡುತ್ತದೆ. ಏಪ್ರಿಲ್ ಕೊನೆಗೆ ಉಳಿದದ್ದು 1,60,000 ಮಿಡಿ, ಅದರಲ್ಲಿ 60,000 ಹಳೆಯದು. ಎಲ್ಲಕ್ಕೂ 3.20 ಹಾಕಿದ್ದರಿಂದ ಉಳಿದ ಸ್ಟಾಕಿನ ಬೆಲೆ 5,12,000 ಆಯಿತು. ಮೊದಲಿದ್ದ ಒಂದೂವರೆ ಲಕ್ಷ, ಕೊಂಡ 3,20,000, ಎರಡೂ ಸೇರಿದರೂ 4,70,000 ಮಾತ್ರ. ಕೊಂಡದ್ದಕ್ಕಿಂತ ಉಳಿದದ್ದರ ಬೆಲೆಯೇ ಜಾಸ್ತಿ, ಹಾಗಾಗಿ ಖರ್ಚು ಮೈನಸ್. ನಿಜವಾದ ಖರ್ಚು 30,000 ಇತ್ತು. ನಡುವಿನ 72,000 ಅಂದರೆ ಡ್ರಮ್ಮಿನಲ್ಲಿ ಸುಮ್ನೆ ಕೂತಿದ್ದ ಹಳೆಯ 60,000 ಮಿಡಿಗೆ ಒಂದಕ್ಕೆ 1.20 ಏರಿದ್ದು. ಮಾರದೇ ಇರುವ ಮಾಲಿನ ಮೇಲೆ ಬರೆದುಕೊಂಡ ಲಾಭ ಅದು.

ಮೇ ತಿಂಗಳಿಂದ ಹಳೆಯ ಮಿಡಿ ತೀರುವವರೆಗೆ ಇದರ ಉಲ್ಟಾ ನಡೆಯಿತು, ಬಳಸಿದ ಪ್ರತಿ ಮಿಡಿಗೂ 3.20 ಕಡಿದು ಲಾಭ ಕಮ್ಮಿ ತೋರಿಸಿತು. ಸೆಪ್ಟೆಂಬರ್ ಕೊನೆಗೆ ಡ್ರಮ್ಮಲ್ಲಿ ಉಳಿದದ್ದೆಲ್ಲ ಹೊಸದೇ ಆದ್ದರಿಂದ ಆರು ತಿಂಗಳ ಮೊತ್ತ ಸರಿಯಾಗಿ ಬಂತು, ಅಷ್ಟೇ. ಒಂದೇ ಬೆಲೆ ಏರಿಕೆ ಏಪ್ರಿಲ್‌ನ ಟ್ಯಾಲಿಯಲ್ಲಿ ಭಾರೀ ಲಾಭವಾಗಿ ಕಂಡಿತು, ಎಕ್ಸೆಲ್‌ನಲ್ಲಿ ನಷ್ಟವಾಗಿ ಕಂಡಿತು, ಎರಡೂ ನಿಜ ಅಲ್ಲ.

ಸರಿಪಡಿಸಿದ್ದು ಹೀಗೆ. ಟ್ಯಾಲಿಯಲ್ಲಿ FIFO ಗೆ ಬದಲಿಸಿದೆವು, ಅಂದರೆ ಮೊದಲು ಬಂದ ಮಾಲು ಮೊದಲು ಖರ್ಚಾಯಿತು ಅಂತ ಹಿಡಿಯುವ ಲೆಕ್ಕ. ಸ್ಟಾಕ್ ಬೆಲೆ ಕಟ್ಟುವುದಕ್ಕೆ ಇರುವ ಲೆಕ್ಕದ ಮಾನದಂಡ ಎಎಸ್ 2 ಕೂಡ ಇಂಥ ಮಾಲಿಗೆ FIFO ಅಥವಾ ಸರಾಸರಿ ಬೆಲೆ, ಇವೆರಡರಲ್ಲಿ ಒಂದನ್ನು ಹಾಕಿ ಅನ್ನುತ್ತದೆ. ಸರಾಸರಿ ಹಾಕಿದ್ದರೂ ತಪ್ಪಾಗುತ್ತಿರಲಿಲ್ಲ, ಮಿಡಿಗೆ 2.68 ಚಿಲ್ಲರೆ ಬೀಳುತ್ತಿತ್ತು. ಆದರೆ ಇಲ್ಲಿ ಡ್ರಮ್ಮುಗಳು ವರ್ಷವಾರು ಬೇರೆಬೇರೆ ಇವೆ, ತೆಗೆಯೋದೂ ಹಾಗೇ. ನಿಜಕ್ಕೂ ನಡೆಯೋದನ್ನೇ ಲೆಕ್ಕದಲ್ಲೂ ಬರೆಯೋದು ವಾಸಿ. ಒಂದು ಎಚ್ಚರಿಕೆ: ಈ ವಿಧಾನ ಬದಲಿಸಿದರೆ ಹಿಂದಿನ ತಿಂಗಳುಗಳ ರಿಪೋರ್ಟೂ ಬದಲಾಗಿಬಿಡುತ್ತದೆ, ಆದ್ದರಿಂದ ಬದಲಿಸುವ ಮೊದಲು ಹಳೆಯದರ ಪಿಡಿಎಫ್ ತೆಗೆದಿಟ್ಟುಕೊಂಡೆವು. ಎಕ್ಸೆಲ್‌ನಲ್ಲಿ `Rates` ಹಾಳೆಯನ್ನು ತೆಗೆದು, ಡ್ರಮ್ಮಿನಿಂದ ಮಿಡಿ ತೆಗೆದಾಗಲೆಲ್ಲ ತಾರೀಕು, ಸೀಸನ್, ಎಣಿಕೆ, ಬೆಲೆ ಬರೆಯುವ ಒಂದು ಹಾಳೆ ಮಾಡಿದೆವು. ರಿಪೋರ್ಟ್ ಈಗ ಅಲ್ಲಿಂದಲೇ ಕೂಡಿಸಿಕೊಳ್ಳುತ್ತದೆ.

ಆದರೆ 3.20 ಅನ್ನೋ ಬೆಲೆಯನ್ನು ಬಿಸಾಕಲಿಲ್ಲ. ಪಕ್ಕದಲ್ಲಿ "ಇವತ್ತಿನ ಬೆಲೆಗೆ" ಅಂತ ಒಂದು ಕಾಲಂ ಇಟ್ಟೆವು. ಕಳೆದ ಆರು ತಿಂಗಳಲ್ಲಿ ಎಷ್ಟು ದುಡಿದೆವು ಅನ್ನೋದಕ್ಕೆ 115 ಉತ್ತರ. ಮುಂದಿನ ಆರು ತಿಂಗಳಿಗೆ ಎಷ್ಟಕ್ಕೆ ಮಾರಬೇಕು ಅನ್ನೋದಕ್ಕೆ 160 ಉತ್ತರ, ಯಾಕೆಂದರೆ ಅಗ್ಗದ ಮಿಡಿ ತೀರಿಹೋಗಿದೆ. ಎರಡನ್ನೂ ಒಂದೇ ಕಾಲಂಗೆ ತುರುಕಿದ್ದೇ ಎಡವಟ್ಟಾಗಿದ್ದು.

3,60,000 ಯಾರ ತಲೆಗೆ?

ಇನ್ನು ಎಲ್ಲ ಮಾಲಿಗೂ ಸೇರಿದ ಖರ್ಚು. ಆರು ತಿಂಗಳಿಗೆ 3,60,000: ಡ್ರೈಯರ್‌ಗೆ 1,20,000, ಮೇಲ್ವಿಚಾರಕರ ಸಂಬಳ 90,000, ಪ್ಯಾಕಿಂಗ್ ಕೋಣೆ ಮತ್ತು ಸೀಲಿಂಗ್ ಮಶೀನಿಗೆ 90,000, ಶೆಡ್ಡಿನ ಬಾಡಿಗೆ 60,000. ಹಳೆ ರಿಪೋರ್ಟ್‌ನಲ್ಲಿ ಇದನ್ನು ಮಾರಾಟದ ಪ್ರಕಾರ ಹಂಚಿದ್ದರು. ಒಟ್ಟು ಮಾರಾಟ 18 ಲಕ್ಷ, ಅಂದರೆ ಪ್ರತಿ ಮಾಲಿನ ಮೇಲೂ ಮಾರಾಟದ 20%. ಉಪ್ಪಿನಕಾಯಿಗೆ 1,60,000, ಶರಬತ್ತಿಗೆ 1,04,000, ಹಪ್ಪಳಕ್ಕೆ 96,000.

ಈ ಹಂಚಿಕೆ ಎಷ್ಟೊಂದು ಕಡೆ ಕಾಣುತ್ತದೆ ಅಂದರೆ ಯಾರೂ ಪ್ರಶ್ನೆ ಕೇಳೋದೇ ಇಲ್ಲ. ಆದರೆ ದುಬಾರಿ ಬೆಲೆಗೆ ಹೋಗುವ ಮಾಲು ಹೆಚ್ಚು ಖರ್ಚು ಹೊರಬೇಕು ಅನ್ನೋದಕ್ಕೆ ಏನು ಆಧಾರ? ಶೆಡ್ಡಿಗೆ ಹೋಗಿ ನೋಡಿದರೆ ಸಾಕು. ಆರಿದ್ರಾ ಮಳೆ ಹೊಯ್ಯುವಾಗ ಹೊರಗೆ ಒಂದು ಹಪ್ಪಳವೂ ಒಣಗಲ್ಲ. ಒಳಗೆ ಡ್ರೈಯರ್ ಬೆಳಗ್ಗೆಯಿಂದ ಸಂಜೆವರೆಗೆ ಓಡುತ್ತಿರುತ್ತದೆ, ಟ್ರೇ ಟ್ರೇ ಹಪ್ಪಳ, ಪಕ್ಕದಲ್ಲಿ ಸೌದೆ ರಾಶಿ. ಉಪ್ಪಿನಕಾಯಿ ಡ್ರಮ್ಮು ಮೂಲೆಯಲ್ಲಿ ತಣ್ಣಗೆ ಕೂತಿರುತ್ತದೆ. ಅದಕ್ಕೆ ಕರೆಂಟೂ ಬೇಡ, ಬೆಂಕಿಯೂ ಬೇಡ. ಆ ಡ್ರೈಯರಿನ ಬಿಲ್ಲಿನ ದೊಡ್ಡ ಪಾಲನ್ನು ಹಳೆ ರಿಪೋರ್ಟ್ ಆ ಡ್ರಮ್ಮಿಗೆ ಹಾಕಿತ್ತು.

ಡ್ರೈಯರ್ ಹತ್ತಿರ ಒಂದು ಪುಸ್ತಕ ಇತ್ತು, ಯಾವಾಗ ಹಚ್ಚಿದರು, ಯಾವಾಗ ಆರಿಸಿದರು, ಒಳಗೆ ಏನಿತ್ತು ಅಂತ ಬರೆಯುತ್ತಿದ್ದರು. ಸೌದೆ ಲೆಕ್ಕಕ್ಕೆ ಇಟ್ಟಿದ್ದು, ನಮಗೆ ಚಿನ್ನದಂಥ ಪುಸ್ತಕವಾಯಿತು. ಒಟ್ಟು 600 ಗಂಟೆ ಓಡಿದೆ. 540 ಗಂಟೆ ಹಪ್ಪಳಕ್ಕೆ, 60 ಗಂಟೆ ಉಪ್ಪಿನಕಾಯಿಗೆ ಬೇಕಾದ ಮೆಣಸು ಸಾಸಿವೆ ಬೆಚ್ಚಗೆ ಮಾಡೋಕೆ. ಶರಬತ್ತಿಗೆ ಸೊನ್ನೆ.

ಇಲ್ಲಿ 1,20,000ವನ್ನು 600ರಿಂದ ಭಾಗಿಸಿ ಮುಗಿಸಬಹುದಿತ್ತು. ಹಾಗೆ ಮಾಡಲಿಲ್ಲ. ಇದರಲ್ಲಿ 90,000 ಕರೆಂಟು ಮತ್ತು ಸೌದೆ, ಓಡಿದರೆ ಮಾತ್ರ ಬರುವ ಖರ್ಚು, ಗಂಟೆಗೆ 150. ಉಳಿದ 30,000 ಸವಕಳಿ ಮತ್ತು ವಾರ್ಷಿಕ ರಿಪೇರಿ, ಓಡಲಿ ಬಿಡಲಿ ಬಂದೇ ಬರುತ್ತದೆ. ಈ ಎರಡನೆಯದನ್ನು ನಿಜಕ್ಕೂ ಓಡಿದ ಗಂಟೆಯಿಂದ ಭಾಗಿಸಿದರೆ, ಕರೆಂಟು ಹೋಗಿ ಡ್ರೈಯರ್ ಕಮ್ಮಿ ಓಡಿದ ತಿಂಗಳಲ್ಲಿ ಹಪ್ಪಳದ ಖರ್ಚು ದಿಢೀರನೆ ಏರಿದಂತೆ ಕಾಣುತ್ತದೆ, ಹಪ್ಪಳದಲ್ಲಿ ಏನೂ ಬದಲಾಗದಿದ್ದರೂ. ಅದಕ್ಕೆ ಮಾಮೂಲಿ ಆರು ತಿಂಗಳಲ್ಲಿ ಓಡಬೇಕಾದ 750 ಗಂಟೆಯಿಂದ ಭಾಗಿಸಿದೆವು, ಗಂಟೆಗೆ 40. 600 ಗಂಟೆಗೆ 24,000 ಮಾಲಿನ ಮೇಲೆ ಹೋಯಿತು, ಉಳಿದ 6,000 "ಖಾಲಿ ಕೂತ ಡ್ರೈಯರ್" ಅಂತ ಬೇರೆ ಸಾಲಿನಲ್ಲಿ ನಿಂತಿತು. ಸ್ಟಾಕಿನ ಬೆಲೆಗೆ ಸ್ಥಿರ ಖರ್ಚು ಸೇರಿಸುವಾಗ ಎಎಸ್ 2 ಹೇಳೋದೂ ಇದನ್ನೇ, ಮಾಮೂಲಿ ಸಾಮರ್ಥ್ಯದ ಮೇಲೆ ಹಂಚಿ, ಮಿಕ್ಕದ್ದನ್ನು ಆ ಅವಧಿಯ ಖರ್ಚಿಗೆ ಹಾಕಿ. ಆ 6,000 ಯಾವ ಮಾಲಿನ ತಪ್ಪೂ ಅಲ್ಲ.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಪ್ಯಾಕಿಂಗ್ ಖರ್ಚನ್ನು ಪ್ಯಾಕಿನ ಎಣಿಕೆಯ ಮೇಲೆ ಹಂಚಿದೆವು: ಅರ್ಧ ಕಿಲೋ ಬಾಟಲಿ 4,000, ಹಪ್ಪಳದ ಕಟ್ಟು 8,000, ಶರಬತ್ತು 4,000. ಬಾಡಿಗೆಯನ್ನು ಜಾಗದ ಮೇಲೆ: ಉಪ್ಪಿನಕಾಯಿಗೆ 40%, ಹಪ್ಪಳಕ್ಕೆ 35%, ಶರಬತ್ತಿಗೆ 25%. ಮೇಲ್ವಿಚಾರಕರ ಸಂಬಳವನ್ನು ಕೆಲಸದವರ ಗಂಟೆಯ ಮೇಲೆ: ಹಪ್ಪಳ 50, ಉಪ್ಪಿನಕಾಯಿ 30, ಶರಬತ್ತು 20. ತೊಳೆ ಬಿಡಿಸಿ, ಬೇಯಿಸಿ, ಕುಟ್ಟಿ, ಉಂಡೆ ಮಾಡಿ, ಒತ್ತುವವರೆಗೆ ಹಪ್ಪಳದ ಮುಂದೆ ಎಷ್ಟು ಜನ ಕೂರುತ್ತಾರೆ ಅಂತ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ.

ಸಾಗಣೆ, ಮೇಳಗಳ ಸ್ಟಾಲು, ನನ್ನ ಫೀಸು ಇವನ್ನೆಲ್ಲ ಗ್ರಾಸ್ ಮಾರ್ಜಿನ್‌ಗೆ ತರಲೇ ಇಲ್ಲ. ಅವು ಮಾಲು ತಯಾರಾದ ಮೇಲಿನ ಖರ್ಚು, ಕೆಳಗೆ ಬರಲಿ. ಜಿಎಸ್‌ಟಿಯದ್ದು ಒಂದು ಸಣ್ಣ ಮಾತು: ಹಪ್ಪಳಕ್ಕೆ ತೆರಿಗೆ ಇಲ್ಲ, ಹಾಗಾಗಿ ಹಪ್ಪಳದ ಕವರಿಗೆ ಕಟ್ಟಿದ ತೆರಿಗೆ ವಾಪಸ್ ಸಿಗಲ್ಲ, ಅದು ಹಪ್ಪಳದ ಖರ್ಚೇ. ಉಪ್ಪಿನಕಾಯಿ ಬಾಟಲಿಗೆ ಕಟ್ಟಿದ್ದು ಕ್ರೆಡಿಟ್ ಆಗಿ ಸಿಗುತ್ತದೆ, ಖರ್ಚಲ್ಲ.

ಹೊಸ ರಿಪೋರ್ಟ್ ಹೀಗೆ ಬಂತು. ನೇರ ಖರ್ಚು ಅಂದರೆ ಕಚ್ಚಾ ಮಾಲು, ಬಾಟಲಿ ಅಥವಾ ಕವರು, ತುಂಡು ಲೆಕ್ಕದ ಕೂಲಿ. ಈ ಆರು ತಿಂಗಳು ಮಾಡಿದ್ದೂ ಮಾರಿದ್ದೂ ಹೆಚ್ಚುಕಮ್ಮಿ ಒಂದೇ ಇತ್ತು, ಅದಕ್ಕೇ ತಯಾರಾದ ಮಾಲಿನ ಸ್ಟಾಕನ್ನು ಇಲ್ಲಿ ಬಿಟ್ಟಿದ್ದೇನೆ.

| | ಉಪ್ಪಿನಕಾಯಿ | ಹಪ್ಪಳ | ಶರಬತ್ತು |
|---|---|---|---|
| ಮಾರಾಟ | 8,00,000 | 4,80,000 | 5,20,000 |
| ನೇರ ಖರ್ಚು | 4,50,000 | 2,40,000 | 3,00,000 |
| ನೇರ ಖರ್ಚು ಕಳೆದು | 3,50,000 | 2,40,000 | 2,20,000 |
| ಹಂಚಿದ ಖರ್ಚು | 84,900 | 2,13,600 | 55,500 |
| ಮಾರ್ಜಿನ್ | 2,65,100 | 26,400 | 1,64,500 |
| ಶೇಕಡಾ | 33.1 | 5.5 | 31.6 |

ಮೂರೂ ಕೂಡಿಸಿ ಖಾಲಿ ಡ್ರೈಯರಿನ 6,000 ಕಳೆದರೆ ಸರಿಯಾಗಿ 4,50,000. ಟ್ಯಾಲಿಗೆ ತಾಳೆ.

ಹಾಗಾದರೆ ಹಪ್ಪಳ ನಿಲ್ಲಿಸಬೇಕಾ?

ಹಾಳೆ ನೋಡಿ ಅಕ್ಕ ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ್ದು ಇದನ್ನೇ. ಅವರ ಮುಖ ನೋಡಿ ನನಗೂ ಕಸಿವಿಸಿ ಆಯಿತು, ಯಾಕೆಂದರೆ ಹಪ್ಪಳದಲ್ಲಿ ಊರಿನ ಎಷ್ಟೋ ಹೆಂಗಸರ ಕೂಲಿ ಇದೆ.

ನಿಲ್ಲಿಸಬಾರದು. 5.5% ಅನ್ನೋ ಅಂಕಿಯನ್ನು ಹಾಗೆ ಓದಬಾರದು. ಹಪ್ಪಳ ನಿಲ್ಲಿಸಿದರೆ ಬಾಡಿಗೆ ಇಳಿಯಲ್ಲ, ಮೇಲ್ವಿಚಾರಕರ ಸಂಬಳ ಇಳಿಯಲ್ಲ, ಮಶೀನಿನ ಸವಕಳಿ ನಿಲ್ಲಲ್ಲ. ಹಂಚಿದ 2,13,600ರಲ್ಲಿ ಖಂಡಿತ ಉಳಿತಾಯ ಆಗುವುದು ಡ್ರೈಯರಿನ ಕರೆಂಟು ಸೌದೆ, 540 ಗಂಟೆಗೆ 150ರಂತೆ 81,000 ಮಾತ್ರ. ನೇರ ಖರ್ಚು ಕಳೆದು ಬರುವ 2,40,000ರಲ್ಲಿ ಅದನ್ನು ತೆಗೆದರೂ 1,59,000 ಇದೆ. ಹಪ್ಪಳ ನಿಲ್ಲಿಸಿದರೆ ಘಟಕಕ್ಕೆ ಅಷ್ಟು ಕಡಿಮೆಯಾಗುತ್ತದೆ, ಅದು ಹೊರುತ್ತಿದ್ದ ಬಾಡಿಗೆ ಸಂಬಳ ಮಿಕ್ಕ ಎರಡರ ಮೇಲೆ ಬೀಳುತ್ತದೆ, ಮುಂದಿನ ರಿಪೋರ್ಟ್‌ನಲ್ಲಿ ಅವೂ ಸೊರಗಿದಂತೆ ಕಾಣುತ್ತವೆ. ಟೇಬಲ್ಲಿನಲ್ಲಿ "ನೇರ ಖರ್ಚು ಕಳೆದು" ಅನ್ನೋ ನಡುವಿನ ಸಾಲನ್ನು ನಾನು ಬಿಡದೇ ಇಟ್ಟಿರೋದು ಇದಕ್ಕೇ.

ಆದರೆ ಹಪ್ಪಳದ ಒಳಗೆ ಎರಡು ಹಪ್ಪಳ ಇವೆ. ಏಪ್ರಿಲ್, ಮೇನಲ್ಲಿ ಬಿಸಿಲಿಗೆ ಒಣಗಿದ್ದು 3,500 ಕಟ್ಟು. ಮಳೆ ಹಿಡಿದ ಮೇಲೆ ಡ್ರೈಯರಿನಲ್ಲಿ ಒಣಗಿದ್ದು 4,500. ಆ 81,000 ಪೂರ್ತಿ ಈ 4,500ರದ್ದೇ, ಕಟ್ಟಿಗೆ 18 ರೂಪಾಯಿ. ನೇರ ಖರ್ಚು ಕಟ್ಟಿಗೆ 30. ಅಂದರೆ 60ಕ್ಕೆ ಮಾರಿದರೆ ಬಿಸಿಲಿನ ಕಟ್ಟಿನಲ್ಲಿ 30 ಉಳಿಯುತ್ತದೆ, ಡ್ರೈಯರಿನ ಕಟ್ಟಿನಲ್ಲಿ 12. ಬೆಂಗಳೂರಿನವರು ಕೇಳಿದ್ದು 50ಕ್ಕೆ, ಅದೂ ಜುಲೈನಲ್ಲಿ ಕೊಡಿ ಅಂತ. ಆಗ ಉಳಿಯುವುದು 2 ರೂಪಾಯಿ. ಲಾರಿ ಬಾಡಿಗೆ ಹಾಕಿದರೆ ಅದೂ ಇಲ್ಲ. ಹಳೆ ರಿಪೋರ್ಟಿನ ಪ್ರಕಾರ ಇದೇ ಆರ್ಡರ್‌ನಲ್ಲಿ 50ರಲ್ಲಿ 30 ನೇರ ಖರ್ಚು, 20% ಅಂತ 10 ಹಂಚಿದ ಖರ್ಚು ಕಳೆದು 10 ರೂಪಾಯಿ ಲಾಭ ಕಾಣುತ್ತಿತ್ತು. ಎಷ್ಟು ಕಟ್ಟು ಜಾಸ್ತಿ ಕೊಟ್ಟರೆ ಅಷ್ಟು ಲಾಭ ಅಂತ ಅಕ್ಕ ಹೂಂ ಅಂದುಬಿಡುವವರಿದ್ದರು.

ಅಂಗಡಿಯವರಿಗೆ ಅಕ್ಕ ಕೊಟ್ಟ ಉತ್ತರ: ಬಿಸಿಲಿನ ಹಪ್ಪಳ ಬೇಕಾದರೆ ಮೇ ಒಳಗೆ ಎತ್ತಿಕೊಳ್ಳಿ, 50ಕ್ಕೆ ಕೊಡ್ತೀವಿ. ಮಳೆಗಾಲದ್ದು ಬೇಕಾದರೆ 65. ಅವರು ಅರ್ಧ ಆರ್ಡರನ್ನು ಮೇಗೆ ಒಪ್ಪಿಕೊಂಡಿದ್ದಾರೆ, ಮಿಕ್ಕದ್ದರ ಮಾತು ಇನ್ನೂ ನಡೀತಿದೆ.

ಮಿಡಿ ಇಳಿಸುವ ಯೋಚನೆಯನ್ನು ಅಕ್ಕ ಕೈಬಿಟ್ಟರು. ಆದರೆ ಅವರಿಗೆ ಒಂದು ಮಾತು ಮೊದಲೇ ಹೇಳಿಟ್ಟಿದ್ದೇನೆ: ಮುಂದಿನ ರಿಪೋರ್ಟ್‌ನಲ್ಲಿ ಉಪ್ಪಿನಕಾಯಿ ಮಾರ್ಜಿನ್ ಬೀಳುತ್ತದೆ, ಗಾಬರಿಯಾಗಬೇಡಿ. ಈಗ ತೆಗೆಯುವ ಮಿಡಿಯೆಲ್ಲ 3.20ರದ್ದು, ನೇರ ಖರ್ಚು ಕಿಲೋಗೆ 225ರಿಂದ 270ಕ್ಕೆ ಹೋಗುತ್ತದೆ. ಬೆಲೆ 400ರಲ್ಲೇ ಇದ್ದರೆ ಹಂಚುವ ಖರ್ಚಿಗೂ ಮೊದಲೇ ಉಳಿಯುವುದು 130, ಅಂದರೆ 32.5%. ಈ ಆರು ತಿಂಗಳಲ್ಲಿ ಅದು 43.75 ಇತ್ತು. ಜನವರಿಯಿಂದ 430 ಮಾಡೋಣ ಅಂತ ಅಕ್ಕ ಅಂದುಕೊಂಡಿದ್ದಾರೆ.

ಈ ರಿಪೋರ್ಟ್‌ನಲ್ಲಿ ನನಗೆ ಪೂರ್ತಿ ಸಮಾಧಾನ ಇಲ್ಲದ ಜಾಗ ಒಂದೇ, ಮೇಲ್ವಿಚಾರಕರ ಸಂಬಳದ 50, 30, 20. ಡ್ರೈಯರಿನ ಗಂಟೆಗೆ ಪುಸ್ತಕ ಇದೆ, ಪ್ಯಾಕಿನ ಎಣಿಕೆಗೆ ಬಿಲ್ಲಿದೆ, ಇದಕ್ಕೆ ಇರೋದು ಅಕ್ಕನ ಅಂದಾಜು. ಹಪ್ಪಳದ ಪಾಲು 50ರ ಬದಲು 40 ಆದರೆ 9,000 ಈ ಕಡೆಯಿಂದ ಆ ಕಡೆ ಹೋಗುತ್ತದೆ, ಹಪ್ಪಳದ 5.5 ಏರಿ 7.4 ಆಗುತ್ತದೆ. ಮೊದಲ ಸ್ಥಾನ ಕೊನೆಯ ಸ್ಥಾನ ಬದಲಾಗಲ್ಲ, ಬೆಂಗಳೂರಿನ ಆರ್ಡರ್ ಲೆಕ್ಕವೂ ಬದಲಾಗಲ್ಲ, ಆದ್ದರಿಂದ ಸದ್ಯಕ್ಕೆ ಬಿಟ್ಟಿದ್ದೇವೆ. ಹಾಜರಿ ಪುಸ್ತಕದಲ್ಲಿ ಹೆಸರಿನ ಮುಂದೆ ಆ ದಿನ ಯಾವ ಮಾಲಿನ ಕೆಲಸ ಅಂತ ಒಂದು ಅಕ್ಷರ ಬರೆಯೋಕೆ ಶುರು ಮಾಡಿದ್ದಾರೆ: ಉ, ಹ, ಶ. ಮಾರ್ಚ್‌ವರೆಗಿನದ್ದು ಕೈಗೆ ಬಂದ ಮೇಲೆ ಆ ಸಾಲನ್ನು ಬದಲಿಸುತ್ತೇವೆ.